ಥಳಥಳ ಯಾವುದಕ್ಕೆ, ಮಿನುಗು ಯಾವುದಕ್ಕೆ: ಒಡವೆ ವಿವರದಲ್ಲಿ ಹೊಳಪಿನ ಮಾತು

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಒಡವೆ ಅಂಗಡಿ. ವಾಟ್ಸ್‌ಆಪ್ ಕ್ಯಾಟಲಾಗಿಗೆ ಕನ್ನಡದಲ್ಲಿ ವಿವರ ಬರೆಯೋದು ನಾನೇ. ಸಪ್ಲೈಯರ್ ಕಳಿಸೋ ಇಂಗ್ಲಿಷ್ ಹಾಳೆಯಲ್ಲಿ ಗ್ಲೀಮಿಂಗ್, ರೇಡಿಯಂಟ್, ಡ್ಯಾಜ್ಲಿಂಗ್ ಅಂತೆಲ್ಲ ಇರುತ್ತೆ. ನಾನು ಎಲ್ಲದಕ್ಕೂ ‘ಥಳಥಳ ಹೊಳೆಯುವ’ ಇಲ್ಲವೇ ‘ಕಣ್ಣು ಕುಕ್ಕುವ’ ಅಂತ ಹಾಕ್ತಾ ಬಂದೆ. ಹೋದ ತಿಂಗಳು ಒಬ್ಬರು ಆಂಟಿಕ್ ಲಕ್ಷ್ಮೀ ಹಾರ ವಾಪಸ್ ತಂದು, ‘ಥಳಥಳ ಅಂತ ಬರೆದಿದ್ರಿ, ಇದು ಮಂಕಾಗಿದೆ, ಚಿನ್ನ ಸರಿ ಇಲ್ವಾ?’ ಅಂದ್ರು. ಚಿನ್ನ ಹಾಲ್‌ಮಾರ್ಕಿನದ್ದೇ. ನಮ್ಮತ್ತೆ ಬೇರೆ, ‘ಕಣ್ಣು ಕುಕ್ಕುವ ಅನ್ನೋದು ಹೊಗಳಿಕೆ ಅಲ್ಲ ಕಣೆ’ ಅಂತಾರೆ. ಈ ಪದಗಳಲ್ಲಿ ನಿಜವಾಗ್ಲೂ ವ್ಯತ್ಯಾಸ ಇದೆಯಾ? ಯಾವುದಕ್ಕೆ ಯಾವುದು ಬರೀಬೇಕು?

ಉತ್ತರ: ನಿಮ್ಮತ್ತೆ ಹೇಳಿದ್ದು ಸರಿ. ಅಲ್ಲಿಂದಲೇ ಶುರು ಮಾಡೋಣ.

ಮದುವೆ ಮನೆಯಲ್ಲಿ ಯಾರಾದರೂ ‘ಅವಳ ಒಡವೆ ನೋಡಿದ್ಯಾ, ಕಣ್ಣು ಕುಕ್ಕೋ ಹಾಗಿತ್ತು’ ಅಂದರೆ ಅದರಲ್ಲಿ ಮೆಚ್ಚುಗೆ ಕಮ್ಮಿ. ಜಾಸ್ತಿ ಆಯ್ತು, ತೋರಿಸಿಕೊಳ್ಳೋಕೆ ಹಾಕಿಕೊಂಡಿದ್ದಾಳೆ ಅನ್ನುವ ಧ್ವನಿ ಅಲ್ಲಿದೆ. ಕುಕ್ಕುವುದು ಹಕ್ಕಿಯ ಕೊಕ್ಕಿನ ಕೆಲಸ, ಅದು ನೋಯಿಸುತ್ತದೆ. ‘ಕಣ್ಣು ಕೋರೈಸುವ’ ಅನ್ನುವುದರಲ್ಲಿ ಈ ಚುಚ್ಚು ಇಲ್ಲ. ಆದರೆ ಅದರ ಅರ್ಥ ನೋಡುವವರ ಕಣ್ಣಿಗೆ ಬೆಳಕು ತಡೆಯಲಾಗದಷ್ಟು ಆಗುವುದು. ಎದುರಿಗೆ ಬರುವ ಲಾರಿಯ ಹೆಡ್‌ಲೈಟು, ದಸರಾ ರಾತ್ರಿಯ ಮೈಸೂರು ಅರಮನೆ, ಇಂಥದ್ದಕ್ಕೆ ಅದು ಹೊಂದುತ್ತದೆ. ಎರಡು ಗ್ರಾಂ ಓಲೆಗೆ ಹಾಕಿದರೆ ಓದುವವರಿಗೆ ಆ ಮಾತು ನಂಬಿಕೆ ಬರುವುದಿಲ್ಲ. ಡ್ಯಾಜ್ಲಿಂಗ್ ಅನ್ನುವ ಪದ ಇಂಗ್ಲಿಷಿನಲ್ಲಿ ಬಳಸಿ ಬಳಸಿ ‘ತುಂಬಾ ಚೆನ್ನಾಗಿದೆ’ ಅನ್ನುವಷ್ಟಕ್ಕೆ ಇಳಿದಿದೆ. ನಮ್ಮ ‘ಕಣ್ಣು ಕುಕ್ಕುವ’ ಹಾಗೆ ಇಳಿದಿಲ್ಲ, ಅದರಲ್ಲಿ ಕಣ್ಣೂ ಇದೆ, ಕುಕ್ಕುವುದೂ ಇದೆ.

ಒಡವೆ ಅಂಗಡಿಗಳ ಕ್ಯಾಟಲಾಗು, ಜಾಹೀರಾತುಗಳ ಕನ್ನಡ ತಿದ್ದುವುದು ನನ್ನ ಕೆಲಸ. ನನ್ನ ಕೈಗೆ ಬರುವ ಹಾಳೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ನಿಮ್ಮದೇ. ಹೊಳಪಿನ ಪದಗಳೆಲ್ಲ ಒಂದೇ ಅಂದುಕೊಂಡು, ದೊಡ್ಡದಾಗಿ ಕೇಳಿಸುವುದನ್ನು ಆರಿಸುವುದು. ಕನ್ನಡದಲ್ಲಿ ಈ ಪದಗಳು ಹೊಳಪು ಎಷ್ಟು ಅನ್ನುವುದನ್ನು ಹೇಳುವುದಕ್ಕಿಂತ ಹೆಚ್ಚಾಗಿ, ಬೆಳಕು ಹೇಗೆ ನಡೆದುಕೊಳ್ಳುತ್ತಿದೆ ಅನ್ನುವುದನ್ನು ಹೇಳುತ್ತವೆ. ನಿಂತ ಬೆಳಕಾ, ಬಂದು ಹೋಗುವ ಬೆಳಕಾ, ಒಂದು ಚುಕ್ಕಿಯಾ, ಸಾವಿರ ಚುಕ್ಕಿಯಾ, ಮೇಲಿಂದ ಬಿದ್ದು ವಾಪಸ್ ಬರುತ್ತಿದೆಯಾ, ಒಳಗಿಂದ ಬಂದ ಹಾಗಿದೆಯಾ. ಇದನ್ನು ಹಿಡಿದರೆ ಯಾವ ಒಡವೆಗೆ ಯಾವ ಪದ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

‘ಥಳಥಳ’ವನ್ನೇ ತೆಗೆದುಕೊಳ್ಳಿ. ಈ ಮಾತು ನಮ್ಮ ಬಾಯಿಗೆ ಬರುವುದು ಎಲ್ಲಿ? ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಬಿಂದಿಗೆ, ಹಬ್ಬಕ್ಕೆ ತೊಳೆದಿಟ್ಟ ಬೆಳ್ಳಿ ದೀಪ, ಒರೆಸಿದ ನೆಲ. ಅಂದರೆ ಥಳಥಳದಲ್ಲಿ ಹೊಳಪಿನ ಜೊತೆಗೆ ಶುಚಿಯೂ ಇದೆ, ಹೊಸತನವೂ ಇದೆ. ಮೇಲ್ಮೈ ನುಣ್ಣಗಿರಬೇಕು, ಬೆಳಕು ಅದರ ಮೇಲೆ ಬಿದ್ದು ನೇರ ಕಣ್ಣಿಗೆ ಬರಬೇಕು. ಒಮ್ಮೆ ಒಬ್ಬ ಅಕ್ಕಸಾಲಿಗರ ಪಕ್ಕ ಕೂತು ನೋಡುತ್ತಿದ್ದೆ. ಮನೆಯವರು ತಂದುಕೊಟ್ಟ ಹಳೆ ಬಳೆಗಳನ್ನು ಅವರು ಅಂಟುವಾಳದ ನೀರಲ್ಲಿ ನೆನೆಸಿ, ಮೆತ್ತನೆಯ ಬ್ರಷ್‌ನಲ್ಲಿ ತಿಕ್ಕಿ, ಬಟ್ಟೆಯಲ್ಲಿ ಒತ್ತಿ ಒರೆಸಿದರು. ಬಳೆ ಎತ್ತಿ ಹಿಡಿದು, ‘ಈಗ ನೋಡಿ, ಥಳಥಳ ಅಂತಿದೆ’ ಅಂದರು. ಅದೇ ಮೇಜಿನ ಮೇಲೆ ಒಂದು ನಕ್ಷಿ ಕೆಲಸದ ಪದಕ ಇತ್ತು. ಅದನ್ನೂ ಒರೆಸಿದರು, ಆದರೆ ಆ ಮಾತು ಹೇಳಲಿಲ್ಲ. ‘ಇದರ ಹೊಳಪು ಹದವಾಗಿರಬೇಕು’ ಅಂದರು ಅಷ್ಟೇ.

ನಿಮ್ಮ ಲಕ್ಷ್ಮೀ ಹಾರದ ಸಮಸ್ಯೆ ಇರುವುದು ಇಲ್ಲೇ. ಆಂಟಿಕ್ ಫಿನಿಶ್ ಅಂದರೆ ಹೊಳಪನ್ನು ಬೇಕೆಂದೇ ಇಳಿಸಿದ ಕೆಲಸ. ಲಕ್ಷ್ಮಿಯ ಮುಖ, ಕಿರೀಟ, ಬಳ್ಳಿಯ ಅಂಚು ಇಂಥ ಉಬ್ಬಿದ ಭಾಗ ಮಾತ್ರ ಸ್ವಲ್ಪ ಹೊಳೆಯುತ್ತದೆ. ತಗ್ಗಿನ ಜಾಗದಲ್ಲಿ ಬಣ್ಣ ಕಪ್ಪಾಗಿಸಿರುತ್ತಾರೆ. ಆ ಕಪ್ಪು ಇದ್ದರೇ ಕೆತ್ತನೆ ಕಾಣುವುದು. ಅದನ್ನು ಪೂರ್ತಿ ಪಾಲಿಶ್ ಮಾಡಿ ಥಳಥಳ ಮಾಡಿದರೆ ದೇವಿಯ ಮೂಗು ಯಾವುದು, ಕೆನ್ನೆ ಯಾವುದು ಗೊತ್ತಾಗುವುದಿಲ್ಲ. ನಿಮ್ಮ ಗ್ರಾಹಕರು ಕೊಂಡದ್ದು ಸರಿಯಾದ ಒಡವೆ, ಓದಿದ್ದು ಮಾತ್ರ ಬೇರೆ ಒಡವೆಯ ವಿವರ.

ಅವರ ಮನಸ್ಸಿನಲ್ಲಿದ್ದ ಇನ್ನೊಂದು ನಂಬಿಕೆಯನ್ನೂ ಬಿಡಿಸಿ ಹೇಳಬೇಕು. ಹೊಳಪು ಕಮ್ಮಿ ಇದ್ದರೆ ಚಿನ್ನ ಕಮ್ಮಿ ಅನ್ನುವುದು. ಇದು ಬಹಳ ಮನೆಗಳಲ್ಲಿ ಇದೆ, ಆದರೆ ನಿಜ ಅಲ್ಲ. ಹೊಳಪು ಬರುವುದು ಮೇಲ್ಮೈ ಎಷ್ಟು ನುಣ್ಣಗಿದೆ ಅನ್ನುವುದರಿಂದ. ಶುದ್ಧತೆ ಅಂದರೆ ನೂರು ಪಾಲಿನಲ್ಲಿ ಚಿನ್ನ ಎಷ್ಟು ಪಾಲು ಅನ್ನುವುದು. 22 ಕ್ಯಾರೆಟ್ಟಿನಲ್ಲಿ 91.6 ಪಾಲು, 18 ಕ್ಯಾರೆಟ್ಟಿನಲ್ಲಿ 75 ಪಾಲು. ಚಿನ್ನ ಶುದ್ಧವಾದಷ್ಟೂ ಮೆತ್ತಗೆ, ಹಾಗಾಗಿ ಬೇಗ ಗೀರು ಬೀಳುತ್ತದೆ, ಗೀರು ಬಿದ್ದಷ್ಟೂ ಹೊಳಪು ಇಳಿಯುತ್ತದೆ. ದಿನಾ ಹಾಕುವ 18 ಕ್ಯಾರೆಟ್ ಉಂಗುರ 22 ಕ್ಯಾರೆಟ್ ಉಂಗುರಕ್ಕಿಂತ ಜಾಸ್ತಿ ದಿನ ಹೊಳೆಯಬಹುದು. ಚಿನ್ನ ಸರಿ ಇದೆಯಾ ಅಂತ ಕೇಳಿದವರಿಗೆ ಹಾಲ್‌ಮಾರ್ಕ್ ತೋರಿಸಿ: ಬಿಐಎಸ್ ಗುರುತು, 22K916 ಅನ್ನುವ ಅಚ್ಚು, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮಾರಲು ಈ ಎಚ್‌ಯುಐಡಿ ಬೇಕೇ ಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಅವರೇ ಹಾಕಿ ನೋಡಬಹುದು. ವಿವರದಲ್ಲಿ ಮಾತ್ರ ‘ಅಪ್ಪಟ ಚಿನ್ನದ ಹೊಳಪು’ ಅಂತ ಬರೆಯಬೇಡಿ. ಆ ಮೂರು ಪದಗಳೇ ಹೊಳಪನ್ನೂ ಶುದ್ಧತೆಯನ್ನೂ ಗಂಟು ಹಾಕಿ ಈ ತಪ್ಪು ನಂಬಿಕೆ ಬೆಳೆಸುವುದು.

ಇನ್ನು ಹರಳಿನ ಕಡೆ ಬರೋಣ. ಇಲ್ಲಿಯ ಪದ ‘ಮಿನುಗು’. ನಕ್ಷತ್ರ ಮಿನುಗುತ್ತದೆ, ಮಿಣುಕುಹುಳ ಮಿನುಗುತ್ತದೆ. ಬೆಳಕಿನ ಚಿಕ್ಕ ಚುಕ್ಕಿ, ಇದ್ದು ಇಲ್ಲದ ಹಾಗೆ, ಮತ್ತೆ ಇದ್ದ ಹಾಗೆ. ವಜ್ರದ ಮೂಗುತಿ ಹಾಕಿದವರು ಮಾತಾಡುತ್ತಾ ಸ್ವಲ್ಪ ತಲೆ ತಿರುಗಿಸಿದರೆ ಆಗುವುದು ಇದೇ. ವಜ್ರ ಬೆಳಕನ್ನು ಗಾಜಿಗಿಂತ ಬಹಳ ಜೋರಾಗಿ ಬಾಗಿಸುತ್ತದೆ. ಒಳಗೆ ಹೋದ ಬೆಳಕು ಕೆಳಗಿನ ಮುಖಗಳಿಗೆ ತಾಗಿ ಮತ್ತೆ ಮೇಲಿಂದಲೇ ಹೊರಬರುತ್ತದೆ. ಹರಳು ಅಲ್ಲಾಡಿದಾಗ ಒಂದು ಮುಖ ಆರಿ ಇನ್ನೊಂದು ಹೊತ್ತಿಕೊಳ್ಳುತ್ತದೆ. ಹಾಗಾಗಿ ‘ಥಳಥಳ ಹೊಳೆಯುವ ವಜ್ರದ ಮೂಗುತಿ’ ಅಂದಾಗ ಏನೋ ಸರಿಹೋಗಿಲ್ಲ ಅನಿಸುತ್ತದೆ. ಥಳಥಳ ನಿಂತ ಬೆಳಕು, ಮೂಗುತಿಯದ್ದು ಕುಣಿಯುವ ಬೆಳಕು.

ಇಲ್ಲೂ ಒಂದು ತಪ್ಪು ನಂಬಿಕೆ ಇದೆ: ಜಾಸ್ತಿ ಮಿನುಗಿದ್ದು ಅಸಲಿ ವಜ್ರ ಅನ್ನುವುದು. ಅಮೆರಿಕನ್ ಡೈಮಂಡ್ ಅಂತ ಮಾರುವ ಕ್ಯೂಬಿಕ್ ಜಿರ್ಕೋನಿಯಾ ಹರಳು ಬೆಳಕನ್ನು ಬಣ್ಣಬಣ್ಣವಾಗಿ ಒಡೆಯುವುದರಲ್ಲಿ ವಜ್ರಕ್ಕಿಂತ ಮುಂದು. ಕೆಂಪು, ನೀಲಿ, ಹಸಿರು ಕಿಡಿ ಅದರಲ್ಲೇ ಜಾಸ್ತಿ. ಆದ್ದರಿಂದ ‘ಇಷ್ಟು ಮಿನುಗಬೇಕಾದರೆ ವಜ್ರವೇ ಆಗಿರಬೇಕು’ ಅನ್ನುವ ಹಾಗೆ ಓದಿಸುವ ಸಾಲು ಬೇಡ. ಹರಳು ಯಾವುದು ಅನ್ನುವುದನ್ನು ಮೊದಲು ಹೆಸರು ಹಿಡಿದು ಹೇಳಿ, ಆಮೇಲೆ ಮಿನುಗಿಸಿ.

ಸಪ್ಲೈಯರ್ ಹಾಳೆಯಲ್ಲಿ ನೀವು ಹುಷಾರಾಗಿರಬೇಕಾದ ಜಾಗ ಒಂದಿದೆ, ಅಲ್ಲಿ ಬಹಳ ಜನ ಎಡವುತ್ತಾರೆ. ವಜ್ರದ ವಿವರದಲ್ಲಿ ‘ರೌಂಡ್ ಬ್ರಿಲಿಯಂಟ್’, ‘ರೇಡಿಯಂಟ್’ ಅಂತ ಕಂಡರೆ ಅವು ಹೊಗಳಿಕೆ ಅಲ್ಲ, ಕಟ್ಟಿಂಗಿನ ಹೆಸರು. ರೌಂಡ್ ಬ್ರಿಲಿಯಂಟ್ ಅಂದರೆ 57 ಮುಖಗಳ ದುಂಡು ಕಟ್ಟಿಂಗ್. ತುದಿಯನ್ನು ಚಪ್ಪಟೆ ಮಾಡಿದ್ದರೆ 58. ರೇಡಿಯಂಟ್ ಅಂದರೆ ಮೂಲೆ ಕತ್ತರಿಸಿದ ಚೌಕ ಅಥವಾ ಉದ್ದಚೌಕದ ಕಟ್ಟಿಂಗ್. ನನ್ನ ಕೈಗೆ ಬಂದ ಒಂದು ಹಾಳೆಯಲ್ಲಿ ಇದನ್ನು ‘ಪ್ರಕಾಶಮಾನವಾದ ವಜ್ರ’ ಅಂತ ಮಾಡಿದ್ದರು. ಗ್ರಾಹಕರಿಗೆ ಆಕಾರ ಯಾವುದು ಅಂತಲೇ ತಿಳಿಯದೆ ಹೋಯಿತು. ಇವನ್ನು ‘ರೇಡಿಯಂಟ್ ಕಟ್’ ಅಂತ ಹಾಗೇ ಬಿಟ್ಟು, ಪಕ್ಕದಲ್ಲಿ ‘ಮೂಲೆ ಕತ್ತರಿಸಿದ ಚೌಕ’ ಅಂತ ಬರೆಯಿರಿ. ಹಾಗೆಯೇ ‘ಫೈರ್’ ಅಂತ ಇದ್ದರೆ ಅದು ಬೆಂಕಿ ಅಲ್ಲ. ಹರಳಿನಿಂದ ಹೊಮ್ಮುವ ಬಣ್ಣದ ಕಿಡಿಗೆ ಆ ಹೆಸರು. ‘ಬಣ್ಣದ ಕಿಡಿ’ ಅಂದರೆ ಸಾಕು. ಧಗಧಗ, ಪ್ರಜ್ವಲಿಸುವ ಅಂತ ಹೋದರೆ ಓದುವವರಿಗೆ ನೆನಪಾಗುವುದು ಒಲೆ, ಹೋಮಕುಂಡ.

ಇದೇ ರೇಡಿಯಂಟ್ ಪದ ಮುತ್ತಿನ ವಿವರದಲ್ಲಿ ಬಂದರೆ ಮಾತ್ರ ಅದು ಹೊಗಳಿಕೆ. ಅಲ್ಲಿ ನಮ್ಮ ಪದ ‘ಕಾಂತಿ’. ಮುಖಕ್ಕೆ ಕಾಂತಿ ಇದೆ ಅನ್ನುತ್ತೇವೆ ಅಲ್ವಾ, ಅದೇ ಕಾಂತಿ. ಬೆಳಕು ಮೇಲೆ ಬಿದ್ದ ಹಾಗಲ್ಲ, ಒಳಗಿಂದ ಬಂದ ಹಾಗೆ. ಮುತ್ತಿನಲ್ಲಿ ನಡೆಯುವುದೂ ಹೆಚ್ಚುಕಮ್ಮಿ ಅದೇ. ಅದು ಈರುಳ್ಳಿಯ ಹಾಗೆ ಪದರ ಪದರವಾಗಿ ಬೆಳೆದಿರುತ್ತದೆ. ಬೆಳಕು ಸ್ವಲ್ಪ ಮೇಲಿನ ಪದರದಿಂದ, ಸ್ವಲ್ಪ ಒಳಗಿನ ಪದರಗಳಿಂದ ವಾಪಸ್ ಬರುತ್ತದೆ. ಮುತ್ತಿಗೆ ಮಿನುಗೂ ಬೇಡ, ಥಳಥಳವೂ ಬೇಡ. ‘ಪಳಪಳ ಹೊಳೆಯುವ ಮುತ್ತು’ ಅಂದರಂತೂ ಪ್ಲಾಸ್ಟಿಕ್ ಮಣಿ ನೆನಪಿಗೆ ಬರುತ್ತದೆ.

ಪಳಪಳದ ಬಗ್ಗೆ ನನ್ನದು ಕಟ್ಟುನಿಟ್ಟಿನ ಅಭಿಪ್ರಾಯ. ಪಾಲಿಶ್ ಹಾಕಿದ ಬೂಟು, ತೊಳೆದ ಕಾರು, ಜರತಾರಿ ಕಾಗದ ಇವಕ್ಕೆ ಅದು ಚೆಂದ. ಚಿನ್ನಕ್ಕೆ ಹಾಕಿದರೆ ಅಗ್ಗದ ವಾಸನೆ ಬರುತ್ತದೆ. ‘ಹೊಳೆಯುವುದೆಲ್ಲ ಚಿನ್ನವಲ್ಲ’ ಅನ್ನುವ ಗಾದೆ ಪ್ರತಿ ಕನ್ನಡಿಗರ ತಲೆಯಲ್ಲೂ ಇದೆ. ನಾವು ಬರೆದ ಪದವೇ ಆ ಗಾದೆಯನ್ನು ಎಬ್ಬಿಸಬಾರದು.

‘ಝಗಮಗ’ವನ್ನು ಬಹಳ ದೀಪ ಒಟ್ಟಿಗೆ ಇರುವ ಕಡೆಗೆ ಇಟ್ಟುಕೊಳ್ಳಿ. ಒಂದು ಉಂಗುರ ಝಗಮಗಿಸಲಾರದು. ಮದುಮಗಳ ಪೂರ್ತಿ ಸೆಟ್, ಅಂದರೆ ಹಾರ, ಜುಮುಕಿ, ವಂಕಿ, ಡಾಬು ಎಲ್ಲ ಸೇರಿದರೆ ಆಗ ಒಪ್ಪುತ್ತದೆ. ಕರಿಮಣಿಗೆ ‘ಮಿರಮಿರ ಮಿಂಚುವ’ ಅನ್ನಿ. ಎಣ್ಣೆ ಹಚ್ಚಿದ ಕೂದಲಿಗೆ, ಕಪ್ಪು ರೇಷ್ಮೆಗೆ ನಾವು ಬಳಸುವ ಮಾತು ಅದು. ಬೆಳಕು ಮೇಲೆ ಜಾರಿ ಹೋಗುವುದನ್ನು ಹಿಡಿಯುತ್ತದೆ. ಕಂಗೊಳಿಸುವುದು, ಬೆಳಗುವುದು ಇವೆರಡನ್ನು ಒಡವೆಗೆ ಕೊಡದೆ ತೊಟ್ಟವರಿಗೆ ಕೊಡಿ. ಹಾರ ಕಂಗೊಳಿಸುವುದಕ್ಕಿಂತ ಹಾರ ತೊಟ್ಟ ಹುಡುಗಿ ಕಂಗೊಳಿಸಿದರೆ ಚೆಂದ.

‘ಮೆರುಗು’ ಅನ್ನುವ ಪದ ಬಳಸುವಾಗ ಒಂದು ಕ್ಷಣ ನಿಲ್ಲಿ. ಮೆರುಗು ಅಂದರೆ ಮೇಲಿಂದ ಕೊಟ್ಟ ಹೊಳಪು. ‘ಚಿನ್ನದ ಸರ’ ಮತ್ತು ‘ಚಿನ್ನದ ಮೆರುಗಿನ ಸರ’ ಒಂದೇ ಅಲ್ಲ. ಎರಡನೆಯದು ಓದುವವರಿಗೆ ಒನ್ ಗ್ರಾಂ ಗೋಲ್ಡ್, ಗಿಲೀಟು ಅನಿಸುತ್ತದೆ. ಅಪ್ಪಟ 22 ಕ್ಯಾರೆಟ್ ಸರಕ್ಕೆ ನೀವೇ ‘ಚಿನ್ನದ ಹೊಳಪಿನ’, ‘ಚಿನ್ನದ ಮೆರುಗಿನ’ ಅಂತ ಬರೆದರೆ ನಿಮ್ಮ ಮಾಲಿನ ಬೆಲೆ ನೀವೇ ಇಳಿಸಿದ ಹಾಗೆ. ಇದರ ಉಲ್ಟಾ ಕೂಡ ನಡೆಯುತ್ತದೆ. ಗಿಲೀಟಿನ ಒಡವೆಗೆ ‘ಚಿನ್ನದ ಹೊಳಪಿನ ಹಾರ’ ಅಂತ ಬರೆದು, ಓದುವವರು ಅವಸರದಲ್ಲಿ ‘ಚಿನ್ನದ ಹಾರ’ ಅಂತ ತಿಳಿಯಲಿ ಅಂತ ಬಿಡುವುದು. ಅದು ಮೋಸ. ಗಿಲೀಟಿಗೆ ‘ಗಿಲೀಟು’ ಅಂತಲೇ ಬರೆಯಬೇಕು.

ಕಾನೂನಿನ ಮಾತೂ ಇಲ್ಲಿಗೇ ಸೇರುತ್ತದೆ. ‘ಹೊಳೆಯುವ’, ‘ಮಿನುಗುವ’ ಅನ್ನುವುದು ಹೊಗಳಿಕೆ, ಅದನ್ನು ಯಾರೂ ಅಳೆಯುವುದಿಲ್ಲ. ‘ಎಂದೂ ಮಾಸದ’, ‘ಜೀವನಪೂರ್ತಿ ಹೊಳಪು’ ಅನ್ನುವುದು ಭರವಸೆ. ಬೆಳ್ಳಿ ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಕಪ್ಪಾಗಿಯೇ ಆಗುತ್ತದೆ. ವೈಟ್ ಗೋಲ್ಡಿನ ಬಿಳುಪು ಸಾಮಾನ್ಯವಾಗಿ ಮೇಲೆ ಹಾಕಿದ ರೋಡಿಯಂ ಲೇಪನದಿಂದ ಬಂದದ್ದು. ದಿನಾ ಹಾಕಿದರೆ ಅದು ಸವೆದು ಒಳಗಿನ ತಿಳಿಹಳದಿ ಕಾಣುತ್ತದೆ, ಮತ್ತೆ ಲೇಪನ ಹಾಕಿಸಬೇಕು. ಇಂಥವಕ್ಕೆ ‘ಎಂದೂ ಮಾಸದ’ ಅಂತ ಬರೆದರೆ ಅದು ಸುಳ್ಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ. ದಂಡದ ಮಾತು ಬಿಡಿ, ಕಾಲ್ಗೆಜ್ಜೆ ಆರು ತಿಂಗಳಿಗೆ ಕಪ್ಪಾದಾಗ ಆ ಅಮ್ಮ ನಿಮ್ಮ ಅಂಗಡಿಗೇ ಬರುತ್ತಾರೆ.

ಈಗ ಬರೆಯುವ ವಿಧಾನ. ಇಂಗ್ಲಿಷ್ ಹಾಳೆಯನ್ನು ಪಕ್ಕಕ್ಕಿಡಿ. ಒಡವೆಯನ್ನು ಕೈಗೆ ತೆಗೆದುಕೊಂಡು ಅಂಗಡಿಯ ಬಾಗಿಲ ಹತ್ತಿರ ಹಗಲು ಬೆಳಕಿಗೆ ಹೋಗಿ. ಒಳಗಿನ ಸ್ಪಾಟ್‌ಲೈಟಿನಲ್ಲಿ ಎಲ್ಲವೂ ಹೊಳೆಯುತ್ತದೆ, ಆಂಟಿಕ್ ಹಾರವೂ ಹೊಳೆಯುತ್ತದೆ. ನಿಮ್ಮ ಗ್ರಾಹಕರು ಅದನ್ನು ಸ್ಪಾಟ್‌ಲೈಟಿನ ಕೆಳಗೆ ಹಾಕಿಕೊಳ್ಳುವುದಿಲ್ಲ. ಮೊದಲು ಒಡವೆಯನ್ನು ಅಲ್ಲಾಡಿಸದೆ ನೋಡಿ, ಆಮೇಲೆ ನಿಧಾನಕ್ಕೆ ಓರೆ ಮಾಡಿ. ಬೆಳಕು ಒಂದೇ ಕಡೆ ನಿಂತಿತಾ, ಜಾರಿತಾ, ಚುಕ್ಕಿಚುಕ್ಕಿಯಾಗಿ ಹೊತ್ತಿ ಆರಿತಾ? ಕಂಡದ್ದಕ್ಕೆ ಹೊಂದುವ ಪದ ಒಂದೇ ಒಂದು ತೆಗೆದುಕೊಳ್ಳಿ. ಒಂದು ಒಡವೆಗೆ ಒಂದೇ ಹೊಳಪಿನ ಪದ ಸಾಕು. ‘ಹೊಳೆಯುವ, ಮಿನುಗುವ, ಕಣ್ಣು ಕೋರೈಸುವ ಹಾರ’ ಅಂತ ಸಾಲಾಗಿ ಪೋಣಿಸುವುದು ಕನ್ನಡಕ್ಕೆ ಒಗ್ಗುವುದಿಲ್ಲ. ಹೆಸರಿನ ಹಿಂದೆ ಅಂಟಿಸುವುದಕ್ಕಿಂತ ಪದವನ್ನು ಕ್ರಿಯಾಪದ ಮಾಡಿ ವಾಕ್ಯದ ಕೊನೆಗೆ ತಂದರೆ ಅದಕ್ಕೆ ಜೀವ ಬರುತ್ತದೆ. ‘ಮಿನುಗುವ ಮೂಗುತಿ’ಗಿಂತ ‘ತಲೆ ತಿರುಗಿಸಿದಾಗಲೆಲ್ಲ ಮೂಗುತಿ ಮಿನುಗುತ್ತದೆ’ ಅನ್ನುವುದು ಕಣ್ಣಿಗೆ ಕಟ್ಟುತ್ತದೆ.

ಹೊಳಪಿನ ಪದವನ್ನೇ ಬಿಟ್ಟು ಬರೀ ತೂಕ, ಕ್ಯಾರೆಟ್, ಉದ್ದ ಕೊಡುವ ಅಂಗಡಿಗಳೂ ಇವೆ. ಅದರಲ್ಲಿ ಜಗಳಕ್ಕೆ ಜಾಗ ಇಲ್ಲ. ಆದರೆ ಫೋಟೋದಲ್ಲಿ ಫಿನಿಶ್ ಸರಿಯಾಗಿ ಕಾಣದೆ ಇದ್ದಾಗ ಗ್ರಾಹಕರಿಗೆ ಹೇಳುವವರು ಯಾರೂ ಇಲ್ಲದ ಹಾಗಾಗುತ್ತದೆ. ನಿಮ್ಮ ಆಂಟಿಕ್ ಹಾರದ ವಿಷಯದಲ್ಲಿ ಸುಮ್ಮನಿದ್ದಿದ್ದರೂ ಅದು ವಾಪಸ್ ಬರುವ ಸಾಧ್ಯತೆ ಇತ್ತು. ‘ಡ್ಯಾಜ್ಲಿಂಗ್ ಬ್ರೈಡಲ್ ಸೆಟ್’ ಅಂತ ಇಂಗ್ಲಿಷನ್ನೇ ಕನ್ನಡ ಅಕ್ಷರದಲ್ಲಿ ಬರೆಯುವುದು ಕಾಲೇಜು ಹುಡುಗಿಯರಿಗೆ ಪರವಾಗಿಲ್ಲ. ಆದರೆ ಮದುವೆ ಒಡವೆ ಆರಿಸುವುದು ಅಮ್ಮ, ಅತ್ತೆ, ದೊಡ್ಡಮ್ಮ ಎಲ್ಲ ಕೂತು. ಅವರಿಗೆ ಆ ಪದದಿಂದ ಒಡವೆ ಕಾಣಿಸುವುದಿಲ್ಲ.

ನಿಮ್ಮ ಹಾರವನ್ನು ನಾನು ಹೀಗೆ ಬರೆಯುತ್ತಿದ್ದೆ. ತೂಕ, ಉದ್ದದ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ:

“ಲಕ್ಷ್ಮೀ ಹಾರ, 22 ಕ್ಯಾರೆಟ್, ಹಾಲ್‌ಮಾರ್ಕ್. ಕೈಯಲ್ಲಿ ಮಾಡಿದ ನಕ್ಷಿ ಕೆಲಸ, ಆಂಟಿಕ್ ಫಿನಿಶ್. ಅಜ್ಜಿ ಕಾಲದ ಒಡವೆಯ ಹಾಗೆ ಹದವಾದ ಹೊಳಪು. ಕೆತ್ತನೆ ಎದ್ದು ಕಾಣಲೆಂದು ತಗ್ಗಿನಲ್ಲಿ ಬಣ್ಣ ಕಪ್ಪಾಗಿಸಲಾಗಿದೆ. ಹೊಸ ಬಳೆಯ ಹಾಗೆ ಥಳಥಳ ಹೊಳೆಯುವುದಿಲ್ಲ.”

ಕೊನೆಯ ಸಾಲು ಬರೆಯಲು ಅಂಗಡಿಯವರು ಹಿಂಜರಿಯುತ್ತಾರೆ. ಬರೆಯಿರಿ. ಆಂಟಿಕ್ ಬೇಕೆಂದು ಹುಡುಕುವವರು ಆ ಸಾಲು ಓದಿಯೇ ಕೊಳ್ಳುತ್ತಾರೆ, ಥಳಥಳ ಬೇಕಾದವರು ಮೊದಲೇ ಬೇರೆ ಹಾರ ನೋಡುತ್ತಾರೆ. ‘ಕೈಯಲ್ಲಿ ಮಾಡಿದ’ ಅನ್ನುವುದನ್ನು ಅಚ್ಚಿನಲ್ಲಿ ಒತ್ತಿದ ಹಾರಕ್ಕೆ ಹಾಕಬೇಡಿ. ‘ಮಂಕು’, ‘ಮಾಸಲು’ ಎಂಬ ಪದ ಎಲ್ಲೂ ಬರದಿರಲಿ, ಅವು ಹಾಳಾದ ಹೊಳಪಿಗೆ ಇರುವ ಪದಗಳು. ‘ಹಳೇ ಹಾರ’ ಅಂತಲೂ ಬೇಡ, ಸೆಕೆಂಡ್ ಹ್ಯಾಂಡ್ ಅಂದುಕೊಳ್ಳುತ್ತಾರೆ.

ಹಾರ ವಾಪಸ್ ತಂದವರನ್ನು ಆಗುವುದಾದರೆ ಮತ್ತೊಮ್ಮೆ ಕರೆಯಿರಿ. ಎಚ್‌ಯುಐಡಿಯನ್ನು ಅವರ ಫೋನಿನಲ್ಲೇ ನೋಡಲು ಹೇಳಿ. ಹಾರವನ್ನೂ ಒಂದು ಪಾಲಿಶ್ ಬಳೆಯನ್ನೂ ಬಾಗಿಲ ಬೆಳಕಿಗೆ ಒಟ್ಟಿಗೆ ಹಿಡಿದು ಲಕ್ಷ್ಮಿಯ ಮುಖ ತೋರಿಸಿ. ಆಮೇಲೂ ಬಳೆಯ ಹೊಳಪೇ ಬೇಕು ಅಂದರೆ ಹಾರಕ್ಕೆ ಪಾಲಿಶ್ ಹಾಕಿ ಕೊಡಲು ಹೋಗಬೇಡಿ, ಕೆತ್ತನೆ ಕೆಡುತ್ತದೆ. ಬದಲಿಸಿ ಕೊಡಿ.